ಸ್ಕ್ಯಾನ್ ಮಾಡಿದ ಹಳೆಯ ಫೋಟೋ ಕೆಟ್ಟು ಕಾಣುತ್ತಿದೆಯೇ? ತಪ್ಪು ಎಲ್ಲಿದೆ ಎಂದು ಹುಡುಕುವ ಕ್ರಮ

ತೀರ್ಥಹಳ್ಳಿ ಕಡೆಯ ದೊಡ್ಡಮ್ಮನ ಮನೆಯ ಅಟ್ಟದಿಂದ ಇಳಿಸಿದ ತಗಡಿನ ಟ್ರಂಕಿನಲ್ಲಿ ಸುಮಾರು ಇನ್ನೂರು ಫೋಟೋಗಳೂ ಆರು ಲಕೋಟೆ ನೆಗೆಟಿವ್‌ಗಳೂ ಇದ್ದವು. ನಲವತ್ತು ಐವತ್ತು ಮಳೆಗಾಲ ಕಂಡ ಕಾಗದ ಹೇಗಿರುತ್ತದೋ ಹಾಗೆಯೇ ಇದ್ದವು: ಕೆಲವು ಹಪ್ಪಳದಂತೆ ಮಡಿಚಿಕೊಂಡಿದ್ದವು, ಕೆಲವಕ್ಕೆ ಬೂಷ್ಟು ಹಿಡಿದಿತ್ತು, ಬಣ್ಣದವು ಕೆಂಪಗಾಗಿದ್ದವು, ಕಪ್ಪುಬಿಳುಪಿನವು ಹಳದಿಯಾಗಿದ್ದವು. ಮನೆಯಲ್ಲಿದ್ದ ತೆಳ್ಳನೆಯ ಸ್ಕ್ಯಾನರಿನಲ್ಲಿ ಎರಡು ಭಾನುವಾರ ಕುಳಿತು ಎಲ್ಲವನ್ನೂ 1200 ಡಿಪಿಐಗೆ, ಅಂದರೆ ಇಂಚಿಗೆ 1200 ಚುಕ್ಕಿಗೆ, ಇಟ್ಟು ಮುಗಿಸಿದೆ. ಆಮೇಲೆ ದೊಡ್ಡ ಪರದೆಯಲ್ಲಿ ತೆರೆದು ನೋಡಿದರೆ ಅರ್ಧಕ್ಕರ್ಧ ಮಸುಕು, ಹತ್ತಾರು ಚಿತ್ರಗಳಲ್ಲಿ ಒಂದೇ ಕಡೆ ಉದ್ದನೆಯ ಗೆರೆ, ಸ್ಟುಡಿಯೋ ಫೋಟೋಗಳ ಮುಖದ ಮೇಲೆಲ್ಲ ಸಕ್ಕರೆ ಉದುರಿಸಿದಂಥ ಚುಕ್ಕಿ, ನೆಗೆಟಿವ್‌ಗಳ ಜಾಗದಲ್ಲಿ ಕಪ್ಪು ಪಟ್ಟಿ. ಮುಕ್ಕಾಲು ಪಾಲು ಕೆಲಸವನ್ನು ಮತ್ತೆ ಮಾಡಬೇಕಾಯಿತು.

ಎರಡನೆಯ ಸಲ ಕಲಿತದ್ದು ಇಷ್ಟು: ತಪ್ಪು ಫೋಟೋದ್ದೋ, ಗಾಜಿನದ್ದೋ, ಬೆಳಕಿನದ್ದೋ, ಸೆಟ್ಟಿಂಗ್‌ನದ್ದೋ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಡಿಪಿಐ ಏರಿಸುವುದು ಕೊನೆಯ ಉಪಾಯ, ಅದೂ ಬಹಳ ಕಡಿಮೆ ಸಂದರ್ಭಗಳಲ್ಲಿ.

ಗಾಜಿನ ಮೇಲೆ ಇಡುವ ಮುನ್ನ

ನಾನು ಮಾಡಿದ ದೊಡ್ಡ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಚಿಕ್ಕಪ್ಪ ಶಾಲೆಗೆ ಹೋಗುತ್ತಿದ್ದ ಕಾಲದ ಒಂದು ಫೋಟೋದ ಮೇಲೆ ಬೂಷ್ಟಿನ ಬಿಳಿ ಹೂವು ಹರಡಿತ್ತು. ಹತ್ತಿಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಮೆತ್ತಗೆ ಒರೆಸಿದೆ. ಹತ್ತಿಯ ಮೇಲೆ ಬೂದುಬಣ್ಣದ ಲೋಳೆ ಬಂತು. ಬೂಷ್ಟು ಎಂದುಕೊಂಡು ಇನ್ನೊಮ್ಮೆ ಒರೆಸಿದೆ. ಕೆಳಗೆ ಬಿಳಿ ಕಾಗದ ಕಂಡಾಗ ಗೊತ್ತಾಯಿತು, ಹತ್ತಿಗೆ ಅಂಟಿಕೊಂಡದ್ದು ಚಿಕ್ಕಪ್ಪನ ಕೆನ್ನೆ.

ಫೋಟೋದ ಚಿತ್ರವಿರುವುದು ಕಾಗದದ ಮೇಲಿನ ಜೆಲಾಟಿನ್ ಪದರದಲ್ಲಿ. ಬೂಷ್ಟಿಗೆ ಆ ಜೆಲಾಟಿನ್ನೇ ಆಹಾರ. ಅದು ತಿಂದು ಬಿಟ್ಟ ಜೆಲಾಟಿನ್ ಮೊದಲಿನಂತೆ ಗಟ್ಟಿ ಉಳಿದಿರುವುದಿಲ್ಲ, ನೀರು ಸೋಕಿದರೆ ಕರಗುತ್ತದೆ. ಹಾಗಾಗಿ ಬೂಷ್ಟು ಹಿಡಿದ ಪ್ರಿಂಟಿಗಾಗಲಿ ನೆಗೆಟಿವ್‌ಗಾಗಲಿ ನೀರು, ಒದ್ದೆ ಬಟ್ಟೆ, ಮುಖ ಒರೆಸುವ ಒದ್ದೆ ಕಾಗದ ಯಾವುದೂ ಕೂಡದು. ಮೊದಲು ಒಣಗಿದ ಕೋಣೆಯಲ್ಲಿ, ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಎರಡು ಮೂರು ದಿನ ಇಡಬೇಕು. ಬೂಷ್ಟು ಒಣಗಿ ಪುಡಿಯಾಗುತ್ತದೆ. ಆಮೇಲೆ ಜಗುಲಿಗೆ ಬಂದು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮೆತ್ತನೆಯ ಒಣ ಕುಂಚದಿಂದ ಒಂದೇ ದಿಕ್ಕಿನಲ್ಲಿ ತಳ್ಳಬೇಕು. ಹೋದಷ್ಟು ಹೋಗಲಿ. ಉಳಿದ ಕಲೆಯನ್ನು ಕಂಪ್ಯೂಟರಿನಲ್ಲಿ ತೆಗೆಯಬಹುದು. ಕಾಗದದಿಂದ ಹೋದ ಮುಖ ಮತ್ತೆ ಬರುವುದಿಲ್ಲ.

ಬೂಷ್ಟಿಲ್ಲದ ಬರಿಯ ಧೂಳಿಗೆ ರಬ್ಬರ್ ಬುರುಡೆಯ ಗಾಳಿ ಸಾಕು. ಬಾಯಿಂದ ಊದಿದರೆ ಎಂಜಲಿನ ಸಣ್ಣ ಹನಿ ಬಿದ್ದೇ ಬೀಳುತ್ತದೆ, ಜೆಲಾಟಿನ್ ಮೇಲೆ ಅದು ಶಾಶ್ವತ ಚುಕ್ಕಿ.

ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೋವನ್ನು ಎಳೆದು ಬಿಡಿಸಬೇಡಿ, ಚಿತ್ರ ಗಾಜಿನ ಮೇಲೆಯೇ ಉಳಿದು ಕಾಗದ ಮಾತ್ರ ಕೈಗೆ ಬರುತ್ತದೆ. ಅದನ್ನು ಗಾಜಿನ ಸಮೇತವೇ ಪ್ರತಿ ಮಾಡಿಕೊಳ್ಳಬೇಕು. ಅಂಟು ಹಾಳೆಯ ಆಲ್ಬಂನಿಂದ ಬಿಡಿಸಲು ಹಲ್ಲಿನ ಸಂದಿಗೆ ಬಳಸುವ ನೂಲನ್ನು ಫೋಟೋದ ಹಿಂದೆ ತೂರಿಸಿ, ಗರಗಸದಂತೆ ಎಡಕ್ಕೂ ಬಲಕ್ಕೂ ನಿಧಾನವಾಗಿ ಎಳೆಯಬಹುದು. ಅದಕ್ಕೂ ಬಗ್ಗದಿದ್ದರೆ ಇಡೀ ಆಲ್ಬಂ ಪುಟವನ್ನೇ ಸ್ಕ್ಯಾನರಿನ ಮೇಲೆ ಬೋರಲು ಹಾಕಿ.

ಮೊದಲ ಪರೀಕ್ಷೆ: ತಿರುಗಿಸಿ ಇಡುವುದು

ಸ್ಕ್ಯಾನ್‌ನಲ್ಲಿ ಏನೇ ಅನುಮಾನದ ಗುರುತು ಕಂಡರೂ ಅದೇ ಫೋಟೋವನ್ನು ತಲೆಕೆಳಗು ಮಾಡಿ, ಅಂದರೆ 180 ಡಿಗ್ರಿ ತಿರುಗಿಸಿ, ಅದೇ ಜಾಗದಲ್ಲಿ ಇಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿ. ಎರಡು ನಿಮಿಷದ ಕೆಲಸ. ಉತ್ತರ ಮೂರೇ ಬಗೆ.

ಗುರುತು ಫೋಟೋದ ಜೊತೆಗೇ ತಿರುಗಿದ್ದರೆ ಅದು ಫೋಟೋದಲ್ಲೇ ಇದೆ. ಗುರುತು ಗಾಜಿನ ಅದೇ ಜಾಗದಲ್ಲಿ ಉಳಿದು, ಈಗ ಬೇರೆ ಮುಖದ ಮೇಲೆ ಬಿದ್ದಿದ್ದರೆ ಸ್ಕ್ಯಾನರಿನದು. ಎರಡರಲ್ಲೂ ಇದ್ದು ಅದರ ರೂಪ ಬದಲಾಗಿದ್ದರೆ, ಒಂದರಲ್ಲಿ ಹೊಳೆದು ಇನ್ನೊಂದರಲ್ಲಿ ಕಪ್ಪಾಗಿದ್ದರೆ, ಅದು ಮೇಲ್ಮೈಯ ಉಬ್ಬುತಗ್ಗಿನ ಮೇಲೆ ಬೆಳಕು ಆಡುತ್ತಿರುವ ಆಟ.

ನನ್ನ ಉದ್ದ ಗೆರೆ ಎರಡನೆಯ ಬಗೆಯದು. ಸ್ಕ್ಯಾನರಿನ ಕಣ್ಣುಗಳು ಅಡ್ಡಸಾಲಿನಲ್ಲಿರುತ್ತವೆ, ಆ ಸಾಲು ಗಾಜಿನುದ್ದಕ್ಕೂ ಚಲಿಸುತ್ತದೆ. ಒಂದು ಕಣ್ಣಿನ ಅಳತೆ ತಪ್ಪಿದರೆ ಚಿತ್ರದುದ್ದಕ್ಕೂ ಗೆರೆ. ಆ ಅಳತೆಯನ್ನು ಯಂತ್ರ ಪ್ರತಿ ಸಲ ಹೊರಡುವ ಮೊದಲು, ಗಾಜಿನ ಒಂದು ತುದಿಯ ಅಂಚಿನಡಿ ಇರುವ ಬಿಳಿ ಪಟ್ಟಿಯನ್ನು ನೋಡಿ ಸರಿಮಾಡಿಕೊಳ್ಳುತ್ತದೆ. ಅಲ್ಲಿ ಒಂದು ಧೂಳಿನ ಕಣ ಕೂತರೆ ಆ ಕಣ್ಣಿಗೆ ಬಿಳಿ ಪಟ್ಟಿ ಕಪ್ಪಾಗಿ ಕಾಣುತ್ತದೆ. ‘ನನಗೆ ಬೆಳಕು ಸಾಲದು’ ಎಂದು ಅದು ಇಡೀ ಚಿತ್ರದುದ್ದಕ್ಕೂ ತನ್ನ ಪಾಲಿನ ಬೆಳಕನ್ನು ಏರಿಸಿಬಿಡುತ್ತದೆ. ಹಾಗಾಗಿಯೇ ಈ ಗೆರೆ ಸಾಮಾನ್ಯವಾಗಿ ಬೆಳ್ಳಗೋ ಬಣ್ಣದ್ದಾಗಿಯೋ ಇರುತ್ತದೆ. ಫೋಟೋ ಇಟ್ಟ ಜಾಗವನ್ನು ಎಷ್ಟು ಒರೆಸಿದರೂ ಅದು ಹೋಗದಿರುವುದು ಇದೇ ಕಾರಣಕ್ಕೆ. ಒರೆಸಬೇಕಾದದ್ದು ಸ್ಕ್ಯಾನ್ ಶುರುವಾಗುವ ತುದಿಯ ಗಾಜನ್ನು. ದ್ರವವನ್ನು ಗಾಜಿನ ಮೇಲೆ ಸಿಂಪಡಿಸಬಾರದು, ಅಂಚಿನಿಂದ ಒಳಗಿಳಿದರೆ ಗಾಜಿನ ಒಳಮೈಯಲ್ಲಿ ಕಲೆ ಕೂರುತ್ತದೆ. ಬಟ್ಟೆಗೆ ಹಾಕಿಕೊಂಡು ಒರೆಸಿ, ಪೂರ್ತಿ ಒಣಗಿದ ಮೇಲೆ ಫೋಟೋ ಇಡಿ.

ಸಕ್ಕರೆ ಚುಕ್ಕಿ ಮೂರನೆಯ ಬಗೆಯದು. ಎಪ್ಪತ್ತು ಎಂಬತ್ತರ ದಶಕದ ಸ್ಟುಡಿಯೋ ಪ್ರಿಂಟುಗಳನ್ನು ಓರೆಯಾಗಿ ಹಿಡಿದರೆ ಜೇನುಗೂಡಿನಂಥ ಸಣ್ಣ ಉಬ್ಬುಗಳು ಕಾಣುತ್ತವೆ. ಬೆರಳಿನ ಗುರುತು ಬೀಳದಿರಲೆಂದು ಆ ಕಾಗದ ಮಾಡಿದ್ದರು. ಸ್ಕ್ಯಾನರಿನಲ್ಲಿ ಬೆಳಕು ಒಂದೇ ಕಡೆಯಿಂದ ಓರೆಯಾಗಿ ಬೀಳುವುದರಿಂದ ಪ್ರತಿ ಉಬ್ಬಿಗೂ ಒಂದು ಕಡೆ ಹೊಳಪು, ಇನ್ನೊಂದು ಕಡೆ ನೆರಳು. ಇಲ್ಲಿ ಡಿಪಿಐ ಏರಿಸಿದರೆ ಉಬ್ಬುಗಳೇ ಇನ್ನಷ್ಟು ಸ್ಪಷ್ಟವಾಗುತ್ತವೆ.

ಪರೀಕ್ಷೆಗೆಂದು ತಿರುಗಿಸಿ ಮಾಡಿದ ಆ ಎರಡನೆಯ ಸ್ಕ್ಯಾನೇ ಇದಕ್ಕೆ ಮದ್ದು. ಮೊದಲನೆಯದರಲ್ಲಿ ಹೊಳಪಿದ್ದ ಕಡೆ ಎರಡನೆಯದರಲ್ಲಿ ನೆರಳಿರುತ್ತದೆ. ಎರಡನ್ನೂ ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆದರೆ ಉಬ್ಬು ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಹ್ಯೂಗಿನ್ ಮತ್ತು ಇಮೇಜ್‌ಮ್ಯಾಜಿಕ್ ಎಂಬ ಎರಡು ಉಚಿತ ತಂತ್ರಾಂಶಗಳಿದ್ದರೆ ಮೂರು ಸಾಲಿನ ಕೆಲಸ:

```
magick b.tif -rotate 180 b180.tif
align_image_stack -a al_ a.tif b180.tif
magick al_0000.tif al_0001.tif -evaluate-sequence mean out.tif
```

`a.tif` ಮೊದಲ ಸ್ಕ್ಯಾನ್, `b.tif` ತಿರುಗಿಸಿ ಮಾಡಿದ್ದು. ಮೊದಲ ಸಾಲು ತಲೆಕೆಳಗಾದದ್ದನ್ನು ನೇರ ಮಾಡುತ್ತದೆ, ಎರಡನೆಯದು ಎರಡನ್ನೂ ಕೂದಲೆಳೆಯಷ್ಟು ನಿಖರವಾಗಿ ಹೊಂದಿಸುತ್ತದೆ, ಮೂರನೆಯದು ಸರಾಸರಿ ತೆಗೆಯುತ್ತದೆ. ದೊಡ್ಡಮ್ಮನ ಮದುವೆಯ ಸ್ಟುಡಿಯೋ ಫೋಟೋದಲ್ಲಿ ಮೂಗುಬೊಟ್ಟು ಯಾವುದು, ಕಾಗದದ ಉಬ್ಬು ಯಾವುದು ಎಂದು ಗೊತ್ತಾದದ್ದು ಇದಾದ ಮೇಲೆಯೇ.

ಚಿತ್ರ ಮಸುಕಾಗಿದೆ, ಆದರೆ ಎಲ್ಲ ಕಡೆಯೂ ಅಲ್ಲ

ಮಸುಕನ್ನು ನೋಡಿದಾಗ ಕೇಳಬೇಕಾದ ಪ್ರಶ್ನೆ, ಅದು ಎಲ್ಲೆಲ್ಲಿದೆ ಎಂಬುದು. ನಡುವೆ ಮಸುಕು, ಅಂಚಿನಲ್ಲಿ ಚೊಕ್ಕ. ಅಥವಾ ಇದರ ತಿರುವುಮುರುವು. ಹೀಗಿದ್ದರೆ ಫೋಟೋ ಗಾಜಿಗೆ ಅಂಟಿ ಕೂತಿಲ್ಲ ಎಂದೇ ಅರ್ಥ.

ಮನೆಗಳಲ್ಲಿರುವ ತೆಳ್ಳನೆಯ, ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ ಪಡೆಯುವ ಸ್ಕ್ಯಾನರುಗಳಲ್ಲಿ ಸಿಐಎಸ್ ಎಂಬ ಬಗೆಯ ಸಂವೇದಕವಿರುತ್ತದೆ. ಅದು ಗಾಜಿಗೆ ತೀರ ಹತ್ತಿರದಲ್ಲಿ ಓಡುತ್ತದೆ. ಗಾಜಿನ ಮೇಲ್ಮೈಗೆ ಒತ್ತಿಕೊಂಡಿರುವುದು ಮಾತ್ರ ಅದಕ್ಕೆ ಸ್ಪಷ್ಟ. ಒಂದೆರಡು ಮಿಲಿಮೀಟರ್ ಮೇಲೆದ್ದರೂ ಮಂಜು. ದಪ್ಪನೆಯ ಹಳೆಯ ಮಾದರಿಯ ಸಿಸಿಡಿ ಸ್ಕ್ಯಾನರಿನಲ್ಲಿ ಕನ್ನಡಿ ಮತ್ತು ಲೆನ್ಸ್ ಇರುವುದರಿಂದ ಕೆಲವು ಮಿಲಿಮೀಟರ್ ಎತ್ತರವನ್ನೂ ಅದು ಸಹಿಸುತ್ತದೆ. ನಿಮ್ಮದು ಯಾವುದು ಎಂದು ತಿಳಿಯಲು ಒಂದು ನಾಣ್ಯವನ್ನು ಗಾಜಿನ ಮೇಲಿಟ್ಟು, ಉಕ್ಕಿನ ಅಳತೆಪಟ್ಟಿಯ ಒಂದು ತುದಿಯನ್ನು ಅದರ ಮೇಲೆ ಆನಿಸಿ, ಇಳಿಜಾರಾಗಿ ಸ್ಕ್ಯಾನ್ ಮಾಡಿ. ಅಂಕಿಗಳು ಎಲ್ಲಿಯವರೆಗೆ ಓದಲು ಬರುತ್ತವೋ ಅಷ್ಟು ಎತ್ತರವನ್ನು ನಿಮ್ಮ ಯಂತ್ರ ತಡೆದುಕೊಳ್ಳುತ್ತದೆ.

ಮಡಿಚಿಕೊಂಡ ಫೋಟೋವನ್ನು ಸಿಐಎಸ್ ಗಾಜಿನ ಮೇಲಿಟ್ಟು ಮುಚ್ಚಳ ಒತ್ತಿದರೆ ಚಪ್ಪಟೆಯಾಗುತ್ತದೆ, ನಿಜ. ಆದರೆ ಒಣಗಿ ಬಿರುಸಾದ ಜೆಲಾಟಿನ್ ಚಟಕ್ಕನೆ ಬಿರುಕು ಬಿಡುತ್ತದೆ, ಆ ಬಿರುಕು ಹೆಚ್ಚಾಗಿ ಹಣೆಯ ಮೇಲೋ ಕಣ್ಣಿನ ಮೇಲೋ ಹಾಯುತ್ತದೆ. ಕಾಗದಕ್ಕಿಂತ ಜೆಲಾಟಿನ್ ಹೆಚ್ಚು ಕುಗ್ಗುವುದರಿಂದಲೇ ಫೋಟೋ ಚಿತ್ರದ ಕಡೆಗೆ ಮಡಿಚಿಕೊಂಡಿರುವುದು. ಸ್ವಲ್ಪ ತೇವ ಸಿಕ್ಕರೆ ಅದೇ ಸಡಿಲವಾಗುತ್ತದೆ. ಮಳೆಗಾಲದ ಒಂದು ದಿನ ಕೆಲವು ಗಂಟೆ ತೆರೆದ ತಟ್ಟೆಯಲ್ಲಿ ಬಿಟ್ಟು, ಆಮೇಲೆ ಒತ್ತುಕಾಗದದ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ಒಂದು ವಾರ ಮರೆತುಬಿಡಬೇಕು. ಬೂಷ್ಟು ಹಿಡಿದವಕ್ಕೆ ಮಾತ್ರ ಈ ತೇವದ ಚಿಕಿತ್ಸೆ ಸಲ್ಲದು. ವಾರವಾದರೂ ಬಗ್ಗದ ಫೋಟೋವನ್ನು ಸ್ಕ್ಯಾನರಿನ ಹಂಗು ಬಿಟ್ಟು ಕ್ಯಾಮೆರಾದಿಂದ ತೆಗೆಯಿರಿ: ಎರಡೂ ಕಡೆಯಿಂದ 45 ಡಿಗ್ರಿ ಓರೆಯಲ್ಲಿ ಒಂದೇ ಬಗೆಯ ಎರಡು ದೀಪ, ಕ್ಯಾಮೆರಾ ನೆತ್ತಿಯ ಮೇಲೆ ನೇರವಾಗಿ.

ಹಾಗಾದರೆ ಡಿಪಿಐ ಎಷ್ಟು?

ಇಡೀ ಚಿತ್ರ ಒಂದೇ ಸಮ ಮಸುಕಾಗಿದ್ದರೆ ಮಾತ್ರ ಈ ಪ್ರಶ್ನೆ ಏಳುತ್ತದೆ. ಅಂಗಡಿಯಲ್ಲಿ ಹಿಗ್ಗಿಸಿ ಮುದ್ರಿಸಿದ ಸಾಮಾನ್ಯ ಪ್ರಿಂಟಿನಲ್ಲಿರುವ ವಿವರ 300 ಡಿಪಿಐಗೆ ಹೆಚ್ಚುಕಡಿಮೆ ಮುಗಿದುಹೋಗುತ್ತದೆ. 600ಕ್ಕೆ ಇಟ್ಟರೆ ಉಳಿದ ಚೂರುಪಾರೂ ಬರುತ್ತದೆ, ಕಲೆ ತಿದ್ದುವುದಕ್ಕೂ ಅನುಕೂಲ. 4×6 ಇಂಚಿನ ಪ್ರಿಂಟು 600ಕ್ಕೆ 2400×3600 ಚುಕ್ಕಿಗಳಾಗುತ್ತದೆ, ಅಂದರೆ ಸುಮಾರು 86 ಲಕ್ಷ ಚುಕ್ಕಿ. ಅದನ್ನು 8×12 ಇಂಚಿಗೆ ದೊಡ್ಡದು ಮಾಡಿ ಮುದ್ರಿಸಿದರೂ ಇಂಚಿಗೆ 300 ಉಳಿಯುತ್ತದೆ. 1200ಕ್ಕೆ ಏರಿಸಿದರೆ ಕಡತ ನಾಲ್ಕು ಪಟ್ಟು ಉಬ್ಬುತ್ತದೆ, ಬರುವುದು ಕಾಗದದ ನಾರು.

ಇದಕ್ಕೊಂದು ಮುಖ್ಯ ಅಪವಾದವಿದೆ. ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಎರಡೂಕಾಲು ಇಂಚಿನ ಚೌಕಾಕಾರದ ಪುಟ್ಟ ಕಪ್ಪುಬಿಳುಪು ಫೋಟೋಗಳಿರುತ್ತವೆ. ಅವು ಆಗ್ಫಾ ಕ್ಲಿಕ್‌ನಂಥ ಡಬ್ಬಿ ಕ್ಯಾಮೆರಾಗಳಲ್ಲಿ 120 ಫಿಲಂ ಹಾಕಿ ತೆಗೆದು, ನೆಗೆಟಿವನ್ನು ಕಾಗದದ ಮೇಲೆ ನೇರವಾಗಿ ಒತ್ತಿ ಮಾಡಿದ ಕಾಂಟ್ಯಾಕ್ಟ್ ಪ್ರಿಂಟುಗಳು. ಹಿಗ್ಗಿಸದೆ ಇರುವುದರಿಂದ ನೆಗೆಟಿವ್‌ನ ವಿವರವೆಲ್ಲ ಆ ಅಂಗೈಯಗಲದಲ್ಲೇ ಒತ್ತೊತ್ತಾಗಿ ಕೂತಿರುತ್ತದೆ. ಇವಕ್ಕೆ 600 ಸಾಲದು. 1200 ಇಡಿ, ಆಗ ಸುಮಾರು 2700×2700 ಚುಕ್ಕಿ ಬರುತ್ತವೆ. ಸಣ್ಣ ಫೋಟೋ, ಹಾಗಾಗಿ ಕಡಿಮೆ ಸಾಕು ಎಂದು ಇವನ್ನೇ 300ಕ್ಕೆ ತೆಗೆದಿಡುವವರು ಹೆಚ್ಚು.

ಅನುಮಾನವಿದ್ದರೆ ಹೀಗೆ ನೋಡಿ. ಒಂದು ಮುಖವಿರುವ ಸಣ್ಣ ಭಾಗವನ್ನು 600ಕ್ಕೂ 1200ಕ್ಕೂ ಸ್ಕ್ಯಾನ್ ಮಾಡಿ. 600ರದ್ದನ್ನು ಎರಡು ಪಟ್ಟು ಹಿಗ್ಗಿಸಿ ಎರಡನ್ನೂ ಪಕ್ಕಪಕ್ಕ ಇಡಿ. 1200ರಲ್ಲಿ ರೆಪ್ಪೆಯೋ ಸೀರೆಯಂಚಿನ ಎಳೆಯೋ ಹೊಸದಾಗಿ ಕಂಡರೆ 1200 ಸಾರ್ಥಕ. ಬರಿಯ ಕಾಳುಕಾಳು ಹೆಚ್ಚಿದ್ದರೆ 600ಕ್ಕೆ ಮರಳಿ.

ಮಾಸಿದ್ದನ್ನು ಎತ್ತಿದರೆ ಮುಖದ ಮೇಲೆ ಮೆಟ್ಟಿಲು ಮೂಡುತ್ತಿದೆ

ಮಾಸಿದ ಫೋಟೋ ಎಂದರೆ ಕಪ್ಪು ಕಪ್ಪಾಗಿಲ್ಲ, ಬಿಳಿ ಬಿಳಿಯಾಗಿಲ್ಲ, ಎಲ್ಲವೂ ನಡುವಿನ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ಸಾಮಾನ್ಯ ಸ್ಕ್ಯಾನ್‌ನಲ್ಲಿ ಪ್ರತಿ ಬಣ್ಣಕ್ಕೆ 0ಯಿಂದ 255ರವರೆಗೆ 256 ಹಂತ. ನಮ್ಮ ಮನೆಯ 1978ರ ಒಂದು ಬಣ್ಣದ ಫೋಟೋ ಸಂಪೂರ್ಣ ಕೆಂಪಾಗಿತ್ತು. ಯಾವ ಹಂತದಲ್ಲಿ ಎಷ್ಟು ಚುಕ್ಕಿಗಳಿವೆ ಎಂದು ಗುಡ್ಡದಂತೆ ತೋರಿಸುವ ಹಿಸ್ಟೋಗ್ರಾಂ ತೆರೆದಾಗ ಕೆಂಪು ಚಾನೆಲ್, ಅಂದರೆ ಚಿತ್ರದ ಕೆಂಪು ಪಾಲು, 140ರಿಂದ 245ರ ನಡುವೆ ಮಾತ್ರ ಇತ್ತು. ಹಸಿರು ಮತ್ತು ನೀಲಿ ಸುಮಾರು 60ರಿಂದ 210ರವರೆಗೆ ಹರಡಿದ್ದವು. ಆ ಕಾಲದ ಬಣ್ಣದ ಕಾಗದಗಳಲ್ಲಿ ಕತ್ತಲಲ್ಲಿಟ್ಟರೂ ಮೊದಲು ಅಳಿಯುತ್ತಿದ್ದದ್ದು ಸಯಾನ್ ಎಂಬ ಹಸಿರುನೀಲಿ ಬಣ್ಣ. ಕೆಂಪು ಬೆಳಕನ್ನು ತಡೆಯುವುದು ಅದರ ಕೆಲಸ. ತಡೆಯುವವನೇ ಹೋದ ಮೇಲೆ ಕೆಂಪು ಎಲ್ಲೆಲ್ಲೂ ಹರಿಯುತ್ತದೆ.

ಸರಿಪಡಿಸುವುದೆಂದರೆ ಕೆಂಪು ಚಾನೆಲ್‌ನ ಆ ನೂರು ಚಿಲ್ಲರೆ ಹಂತಗಳನ್ನು ಎಳೆದು 256ಕ್ಕೆ ಹರಡುವುದು. ಮಧ್ಯೆ ಹಲ್ಲು ಬಿದ್ದ ಬಾಚಣಿಗೆಯಂತೆ ಖಾಲಿ ಜಾಗ ಉಳಿಯುತ್ತದೆ. ಕೆನ್ನೆಯಂಥ ನಯವಾದ ಕಡೆ ಮೆಟ್ಟಿಲಿನಂತೆ ಕಾಣುವುದು ಅದೇ. ಇದಕ್ಕೆ ಸ್ಕ್ಯಾನ್ ಮಾಡುವಾಗಲೇ `48-bit Color` ಅಥವಾ ಕಪ್ಪುಬಿಳುಪಿಗೆ `16-bit Grayscale` ಆರಿಸಬೇಕು. ಆಗ ಪ್ರತಿ ಬಣ್ಣಕ್ಕೆ 65,536 ಹಂತ. ಎಷ್ಟು ಎಳೆದರೂ ಸಂದಿ ಕಾಣುವುದಿಲ್ಲ. ಉಳಿಸುವುದು ಟಿಫ್ ಕಡತವಾಗಿಯೇ. ಜೆಪೆಗ್‌ಗೆ 8 ಬಿಟ್ ಮಾತ್ರ ಗೊತ್ತು, ಉಳಿದದ್ದನ್ನು ಅದು ಕೇಳದೆಯೇ ಎಸೆಯುತ್ತದೆ. `Unsharp Mask`, `Color Restoration` ಮುಂತಾದ ಸ್ವಯಂಚಾಲಿತ ಸೌಲಭ್ಯಗಳನ್ನು ಆಫ್ ಮಾಡಿಬಿಡಿ. ಅವು ಕೆಟ್ಟವೆಂದಲ್ಲ, ಒಮ್ಮೆ ಕಡತದೊಳಗೆ ಸೇರಿದರೆ ಹಿಂತೆಗೆಯಲು ಬರುವುದಿಲ್ಲ. ಆಮೇಲೆ ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ `Colors > Levels` ತೆರೆದು, ಒಂದೊಂದೇ ಚಾನೆಲ್ ಆರಿಸಿ, ಎಡ ಮತ್ತು ಬಲ ತ್ರಿಕೋನಗಳನ್ನು ಗುಡ್ಡದ ಬುಡದವರೆಗೆ ಸರಿಸಿದರೆ ಆಯಿತು. ನಮ್ಮ ಫೋಟೋದಲ್ಲಿ ಹಿಂದಿದ್ದ ಅಡಿಕೆ ಮರ ಹಸಿರಾದದ್ದು ಕೆಂಪು ಚಾನೆಲ್‌ನ ಎಡ ತ್ರಿಕೋನ 140ಕ್ಕೆ ಬಂದಾಗ. ಎಲ್ಲ ಫೋಟೋವೂ ಇಷ್ಟು ಸುಲಭಕ್ಕೆ ಬರುವುದಿಲ್ಲ. ಬಿಸಿಲು ಬೀಳುವ ಗೋಡೆಯಲ್ಲಿ ತೂಗಿದ್ದವುಗಳಲ್ಲಿ ಒಂದು ಬಣ್ಣ ಪೂರ್ತಿ ಹೋಗಿರಬಹುದು, ಇಲ್ಲದ್ದನ್ನು ಎಳೆಯಲಾಗದು.

ಕಪ್ಪುಬಿಳುಪಿನ ಫೋಟೋ ಹಳದಿಯಾಗಿದ್ದರೆ ಅದನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ನೇರ ಗ್ರೇಸ್ಕೇಲ್ ಮಾಡಿದರೆ ಮೂರು ಚಾನೆಲ್‌ಗಳ ನಡುವಿನ ವ್ಯತ್ಯಾಸ ಕಳೆದುಹೋಗುತ್ತದೆ, ಇಲ್ಲಿ ಉಪಯೋಗಕ್ಕೆ ಬರುವುದೇ ಆ ವ್ಯತ್ಯಾಸ. ದೊಡ್ಡಮ್ಮನ ಮನೆಯಂಗಳದ 1969ರ ಒಂದು ಕಾಂಟ್ಯಾಕ್ಟ್ ಪ್ರಿಂಟನ್ನೇ ನೋಡಿ. ಚಿತ್ರದ ಬೆಳ್ಳಿ ಮಾಸಿ ಹಳದಿಮಿಶ್ರಿತ ಕಂದಾಗಿತ್ತು, ಬಲಮೂಲೆಯಲ್ಲಿ ಚಹಾದ ಕಲೆಯೂ ಇತ್ತು. ಚಾನೆಲ್‌ಗಳನ್ನು ಬೇರೆ ಮಾಡಿದೆ:

```
magick angala.tif -separate ch_%d.tif
```

`ch_0` ಕೆಂಪು, `ch_1` ಹಸಿರು, `ch_2` ನೀಲಿ. ಹಳದಿ ವಸ್ತು ನೀಲಿ ಬೆಳಕನ್ನು ಹೀರುವುದರಿಂದ ನೀಲಿ ಚಾನೆಲ್‌ನಲ್ಲಿ ಮಾಸಿದ ಚಿತ್ರ ದಟ್ಟವಾಗಿ ಎದ್ದು ಬಂತು: ತುಳಸಿಕಟ್ಟೆ, ಅದರ ಪಕ್ಕ ನಿಂತ ಅಜ್ಜಿ, ಕೈಯಲ್ಲಿದ್ದ ತಂಬಿಗೆ. ಆದರೆ ಚಹಾದ ಕಲೆಯೂ ಅಲ್ಲಿ ಕರ್ರಗೆ ನಿಂತಿತ್ತು. ಕೆಂಪು ಚಾನೆಲ್‌ನಲ್ಲಿ ಕಲೆ ಬಹುತೇಕ ಮಾಯ, ಆದರೆ ಅಜ್ಜಿಯೂ ಅರ್ಧ ಮಾಯ. ನೀಲಿಯನ್ನು ಮೂಲವಾಗಿಟ್ಟುಕೊಂಡು, ಕಲೆಯ ಮೂಲೆಗೆ ಮಾತ್ರ ಕೆಂಪಿನ ತುಂಡನ್ನು ಮೇಲೆ ಕೂರಿಸಿ, ಬೆಳಕನ್ನು ಹೊಂದಿಸಿದೆ. ಇಡೀ ಚಿತ್ರವೇ ಮಾಸಿದ್ದರೆ ನೀಲಿ, ಚಿತ್ರ ಗಟ್ಟಿಯಿದ್ದು ಮೇಲೆ ಕಲೆ ಮಾತ್ರ ಬಿದ್ದಿದ್ದರೆ ಕೆಂಪು. ಹೀಗೆ ನೆನಪಿಟ್ಟುಕೊಂಡರೆ ಮೊದಲ ಪ್ರಯತ್ನ ಹೆಚ್ಚಾಗಿ ತಪ್ಪುವುದಿಲ್ಲ.

ಓರೆ ಹಿಡಿದಾಗ ಕಪ್ಪು ಭಾಗಗಳ ಅಂಚಿನಲ್ಲಿ ಕನ್ನಡಿಯಂಥ ನೀಲಿ ಹೊಳಪು ಕಂಡರೆ ಅದು ಚಿತ್ರದ ಬೆಳ್ಳಿಯೇ ಮೇಲೆದ್ದು ಬಂದು ಕೂತದ್ದು. ರಬ್ಬರಿನಿಂದ ಉಜ್ಜಬೇಡಿ, ಜೊತೆಗೆ ಚಿತ್ರವೂ ಹೋಗುತ್ತದೆ.

ನೆಗೆಟಿವ್ ಇಟ್ಟರೆ ಕಪ್ಪು ಪಟ್ಟಿ ಬರುತ್ತಿದೆ

ಯಂತ್ರ ಕೆಟ್ಟಿಲ್ಲ. ನೆಗೆಟಿವನ್ನು ಬೆಳಕಿಗೆ ಹಿಡಿದು ನೋಡುವಂತೆ ಸ್ಕ್ಯಾನರಿಗೂ ಹಿಂದಿನಿಂದ ಬೆಳಕು ಬೇಕು. ಫಿಲಂ ಸ್ಕ್ಯಾನ್ ಮಾಡಬಲ್ಲ ಯಂತ್ರಗಳ ಮುಚ್ಚಳದಲ್ಲೇ ಒಂದು ದೀಪವಿರುತ್ತದೆ, ಸಾಮಾನ್ಯ ಸ್ಕ್ಯಾನರಿನ ಮುಚ್ಚಳದಲ್ಲಿ ಬಿಳಿ ಸ್ಪಂಜು ಮಾತ್ರ. ಸಿಐಎಸ್ ಸ್ಕ್ಯಾನರಿನ ಮೇಲೆ ಮೊಬೈಲ್ ದೀಪ ಇಟ್ಟು ನಾನೂ ಒದ್ದಾಡಿದ್ದೇನೆ, ಅದು ಕೈಗೂಡುವ ಕೆಲಸವಲ್ಲ. ಮ್ಯಾಕ್ರೋ ತೆಗೆಯಬಲ್ಲ ಕ್ಯಾಮೆರಾ ಮತ್ತು ಬಿಳಿ ಎಲ್‌ಇಡಿ ಹಲಗೆ ಇದ್ದರೆ ಸಾಕು. ಹಲಗೆ ಇಲ್ಲದಿದ್ದರೆ ಟ್ಯಾಬ್ಲೆಟ್ಟಿನ ಬಿಳಿ ಪರದೆಯೂ ಆದೀತು, ಆದರೆ ಫಿಲಂ ಪರದೆಗಿಂತ ನಾಲ್ಕೈದು ಸೆಂಟಿಮೀಟರ್ ಮೇಲಿರಬೇಕು. ಹತ್ತಿರವಿದ್ದರೆ ಪರದೆಯ ಚುಕ್ಕಿಗಳೂ ಚಿತ್ರಕ್ಕಿಳಿಯುತ್ತವೆ. ಫಿಲಂನ ಸುತ್ತ ಉಳಿದ ಬೆಳಕನ್ನು ಕಪ್ಪು ಕಾಗದದಿಂದ ಮುಚ್ಚಿ, ಇಲ್ಲವಾದರೆ ಅದು ಲೆನ್ಸಿಗೆ ನುಗ್ಗಿ ಚಿತ್ರವನ್ನು ತೆಳುಮಾಡುತ್ತದೆ.

ಒಂದು ಮೂಲೆ ಚೊಕ್ಕ, ಎದುರಿನ ಮೂಲೆ ಮಸುಕು ಬರುತ್ತಿದ್ದರೆ ಕ್ಯಾಮೆರಾ ಓರೆಯಾಗಿದೆ. ಫಿಲಂ ಇಡುವ ಜಾಗದಲ್ಲಿ ಒಂದು ಚಿಕ್ಕ ಕನ್ನಡಿ ಇಟ್ಟು ಕ್ಯಾಮೆರಾದ ಪರದೆಯಲ್ಲಿ ನೋಡಿ. ಲೆನ್ಸಿನ ಪ್ರತಿಬಿಂಬ ಸರಿಯಾಗಿ ನಡುವೆ ಬರುವವರೆಗೆ ಕ್ಯಾಮೆರಾ ಅಲುಗಿಸಿ. ನೂಲು ಹಿಡಿದದ್ದಕ್ಕಿಂತ ನಿಖರ.

ಫಿಲಂ ದೀಪವಿರುವ ಸ್ಕ್ಯಾನರ್ ನಿಮ್ಮಲ್ಲಿದ್ದರೆ ಬೇರೆಯದೇ ತೊಂದರೆಗಳು. ಮಳೆ ಬಿದ್ದ ರಸ್ತೆಯ ಮೇಲಿನ ಎಣ್ಣೆಯಂತೆ ಬಳೆಬಳೆಯಾದ ಗುರುತು ಬಂದರೆ ಫಿಲಂನ ನುಣುಪು ಮೈ ಗಾಜಿಗೆ ತಾಗಿದೆ. ಇವೇ ನ್ಯೂಟನ್ನನ ಉಂಗುರಗಳು. ಯಂತ್ರದ ಜೊತೆ ಕೊಟ್ಟ ಹಿಡಿಕೆಯಲ್ಲಿ ಫಿಲಂ ಸಿಕ್ಕಿಸಿ ಗಾಜಿನಿಂದ ಮೇಲೆತ್ತಿದರೆ ಹೋಗುತ್ತವೆ. ಹಿಡಿಕೆಯಲ್ಲಿಟ್ಟ ಮೇಲೂ ಎಲ್ಲ ಕಡೆ ಮೆತ್ತಗೆ ಕಂಡರೆ ಎತ್ತರ ಸ್ವಲ್ಪ ತಪ್ಪಿರಬಹುದು. ಹಿಡಿಕೆಯ ನಾಲ್ಕು ಮೂಲೆಗೆ ಗಟ್ಟಿ ಕಾಗದದ ಚೂರು ಇಟ್ಟು, ಅರ್ಧರ್ಧ ಮಿಲಿಮೀಟರ್ ಏರಿಸುತ್ತ ಹೋಲಿಸಿ. ಮತ್ತೊಂದು: ಧೂಳು ತೆಗೆಯುವ `Digital ICE` ಸೌಲಭ್ಯ ಇನ್‌ಫ್ರಾರೆಡ್ ಬೆಳಕಿನಿಂದ ಕೆಲಸ ಮಾಡುತ್ತದೆ. ಬಣ್ಣದ ನೆಗೆಟಿವ್‌ನಲ್ಲಿ ಆ ಬೆಳಕು ಚಿತ್ರವನ್ನು ದಾಟಿ ಹೋಗುತ್ತದೆ, ಧೂಳು ಮಾತ್ರ ಅದನ್ನು ತಡೆಯುತ್ತದೆ. ಕಪ್ಪುಬಿಳುಪಿನದರಲ್ಲಿ ಚಿತ್ರವೇ ಬೆಳ್ಳಿ. ಬೆಳ್ಳಿಯೂ ಅದನ್ನು ತಡೆಯುತ್ತದೆ, ಯಂತ್ರ ಮೂಗು ಹುಬ್ಬುಗಳನ್ನೂ ಧೂಳೆಂದು ತಿಳಿದು ಅಳಿಸುತ್ತದೆ. ಮುಖ ಮೇಣ ಬಳಿದಂತೆ ಬಂದಿದ್ದರೆ ಮೊದಲು ಇದನ್ನೇ ನೋಡಿ.

ಚಿತ್ರ ಎಡಬಲ ತಿರುಗಿದೆಯೇ ಎಂದು ತಿಳಿಯಲು ಫಿಲಂನ ಅಂಚಿನ ಅಕ್ಷರ ಓದಿ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಹೆಸರಿನ ಫಿಲಂ ಆಗಲಿ, ಆಗ ಇಲ್ಲಿ ಸಿಗುತ್ತಿದ್ದ ಜರ್ಮನಿಯ ಓರ್ವೋ ಆಗಲಿ, ನುಣುಪು ಮೈ ನಿಮ್ಮ ಕಡೆಗಿದ್ದಾಗ ಅಕ್ಷರ, ಅಂಕಿ ನೇರವಾಗಿ ಓದಿಸಿಕೊಳ್ಳುತ್ತವೆ. ಮಂಕಾಗಿರುವ ಇನ್ನೊಂದು ಮೈ ಎಮಲ್ಷನ್, ಅಂದರೆ ಚಿತ್ರವಿರುವ ಪದರ; ಅಲ್ಲಿ ಬೆರಳು ಬೇಡ.

ನೆಗೆಟಿವ್‌ಗೆ ಡಿಪಿಐ ಹೆಚ್ಚು ಬೇಕು, ಏಕೆಂದರೆ 35 ಎಂಎಂ ಫಿಲಂನ ಚೌಕಟ್ಟು 24×36 ಮಿಲಿಮೀಟರ್ ಅಷ್ಟೇ. 2400ಕ್ಕೆ ಇಟ್ಟರೆ ಸುಮಾರು 2270×3400 ಚುಕ್ಕಿ, 48 ಬಿಟ್‌ನಲ್ಲಿ 46 ಎಂಬಿ. ಪೆಟ್ಟಿಗೆಯ ಮೇಲೆ ಬರೆದ 6400ಕ್ಕೆ ಇಟ್ಟರೆ ಅದೇ ಚೌಕಟ್ಟು 330 ಎಂಬಿ ಆಗುತ್ತದೆ. ಮನೆಯ ಸ್ಕ್ಯಾನರಿನ ಲೆನ್ಸು ನಿಜವಾಗಿ ಬಿಡಿಸಿ ತೋರುವುದು ಬಹುಪಾಲು 2000ದ ಆಸುಪಾಸಿನಷ್ಟನ್ನೇ, ಉಳಿದ ಚುಕ್ಕಿಗಳು ಗಾಳಿ ತುಂಬಿದ ಪೂರಿ. ನಾನು 35 ಎಂಎಂಗೆ 3200, ದೊಡ್ಡ 120ಕ್ಕೆ 2400 ಇಡುತ್ತೇನೆ.

ಅಂಗಳದ ಆ ಫೋಟೋದ ನೆಗೆಟಿವ್ ಮೂರನೆಯ ಲಕೋಟೆಯಲ್ಲಿ ಸಿಕ್ಕಿತು. ಪ್ರಿಂಟಿನ ಮೇಲೆ ಚಾನೆಲ್ ಬೇರೆ ಮಾಡಿ, ತುಂಡು ಕೂರಿಸಿ ಒಂದು ಸಂಜೆಯಿಡೀ ಕಳೆದ ಮೇಲೆ. ಅದನ್ನು ಕ್ಯಾಮೆರಾದಿಂದ ತೆಗೆದು ಕಪ್ಪುಬಿಳುಪನ್ನು ಅದಲುಬದಲು ಮಾಡಿದಾಗ ಚಹಾದ ಕಲೆ ಇರಲೇ ಇಲ್ಲ, ಪ್ರಿಂಟಿನಲ್ಲಿ ಬರಿಯ ಬಿಳಿಯಾಗಿದ್ದ ಆಕಾಶದ ಅಂಚಿನಲ್ಲಿ ಹೆಂಚಿನ ಸಾಲು ಎಣಿಸಬಹುದಾಗಿತ್ತು. ಅಂದಿನಿಂದ ಯಾರಾದರೂ ಫೋಟೋ ತಂದುಕೊಟ್ಟರೆ ನೆಗೆಟಿವ್ ಇದೆಯೇ ಎಂದು ಮೊದಲೇ ಕೇಳುತ್ತೇನೆ.

ಐದನೆಯ ಲಕೋಟೆ ತೆರೆದಾಗ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು. ಫಿಲಂನ ಅಸಿಟೇಟ್ ತಳವೇ ಒಡೆದು ಅಸಿಟಿಕ್ ಆಮ್ಲ ಬಿಡುತ್ತಿರುವ ಲಕ್ಷಣ ಅದು. ಇದಕ್ಕೆ ಮದ್ದಿಲ್ಲ, ಆಮ್ಲದ ಆವಿ ಪಕ್ಕದ ಫಿಲಂಗಳನ್ನೂ ಬೇಗ ಕೆಡಿಸುತ್ತದೆ. ಆ ಏಳು ಪಟ್ಟಿಗಳನ್ನು ಅಂದೇ ರಾತ್ರಿ ತೆಗೆದು ಮುಗಿಸಿದೆ. ಎರಡು ಆಗಲೇ ಕುಗ್ಗಿ ಸುಕ್ಕಾಗಿದ್ದವು, ಅವನ್ನು ನೇರ ಮಾಡಲು ಹೋಗದೆ ಹಾಗೆಯೇ ತೆಗೆದೆ. ಈಗ ಅವು ಕಾಗದದ ಲಕೋಟೆಯಲ್ಲಿ, ಉಳಿದವುಗಳಿಂದ ದೂರ, ಬೇರೆ ಕಪಾಟಿನ ಮೇಲಿವೆ.